ಕಲ್ಲಿನ ರಥ ಬಣ್ಣದ ಪುಸ್ತಕಕ್ಕೆ: ಫೋಟೋವನ್ನು ಗೆರೆಗಿಳಿಸುವ ಏಳು ಸೂತ್ರಗಳು

ಮಕ್ಕಳು ಬಣ್ಣ ತುಂಬುವ ಪುಟ ಬೇಕೆಂದರೆ ಹೆಚ್ಚಿನವರು ಮೊಬೈಲಿನ ‘ಸ್ಕೆಚ್’ ಫಿಲ್ಟರ್‌ಗೆ ಫೋಟೋ ಹಾಕಿಬಿಡುತ್ತಾರೆ. ಬಂದದ್ದು ನೋಡಲು ಚೆಂದ, ಬಣ್ಣ ಹಚ್ಚಲು ಆಗದು. ಬೆಳಕು ಎಲ್ಲಿ ತಟ್ಟನೆ ಕತ್ತಲಿಗೆ ತಿರುಗುತ್ತದೋ ಅಲ್ಲಿ ಗೆರೆ ಎಳೆಯುವುದಷ್ಟೇ ಫಿಲ್ಟರ್‌ಗೆ ಗೊತ್ತು. ನೆರಳಿನ ಅಂಚು ಅದಕ್ಕೆ ಗೆರೆ, ಕಲ್ಲಿನ ಒರಟು ಅದಕ್ಕೆ ಗೆರೆ. ಆದರೆ ಬೂದು ಬಣ್ಣದ ಸೊಂಡಿಲು ಬೂದು ಕಲ್ಲಿನ ಮುಂದೆ ಬಂದ ಕಡೆ, ಮಗುವಿಗೆ ಗೆರೆ ಬೇಕೇಬೇಕಾದ ಕಡೆ, ಅದು ಏನನ್ನೂ ಎಳೆಯುವುದಿಲ್ಲ. ಹಾಗಾಗಿ ಗೆರೆ ಎಲ್ಲಿರಬೇಕು ಎಂಬುದನ್ನು ಕೈಯೇ ತೀರ್ಮಾನಿಸಬೇಕು. ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥವನ್ನು ಇಟ್ಟುಕೊಂಡು ಆ ದಾರಿಯನ್ನು ನೋಡೋಣ. ಕೆತ್ತನೆ ಕಿಕ್ಕಿರಿದ ಆ ರಥ ಪಳಗಿದರೆ ಬಸವನ ಫೋಟೋ, ಬಸ್ಸಿನ ಫೋಟೋ ಸುಲಭ.

1. ಮೋಡದ ದಿನ, ದೂರ ನಿಂತು ಫೋಟೋ ತೆಗೆಯಿರಿ.
ಮಧ್ಯಾಹ್ನದ ಬಿಸಿಲಲ್ಲಿ ರಥದ ಚಾಚುಸೂರಿನ ಕೆಳಗೆ ಕಡುಗಪ್ಪು ನೆರಳು ಬಿದ್ದು ಕಂಬಗಳ ರೂಪ ಮುಚ್ಚಿಹೋಗುತ್ತದೆ. ಮೋಡದ ಬೆಳಕಿನಲ್ಲಿ ಎಲ್ಲ ಭಾಗಗಳೂ ಸಮನಾಗಿ ಕಾಣುತ್ತವೆ. ಹತ್ತಿರ ಹೋಗಿ ಮೊಬೈಲ್ ಹಿಡಿದರೆ ಮುಂದಿನ ಚಕ್ರ ಉಬ್ಬಿ, ಮೇಲ್ಭಾಗ ಹಿಂದಕ್ಕೆ ವಾಲುತ್ತದೆ. ಹತ್ತಾರು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಝೂಮ್ ಮಾಡಿ. ರಥದ ಮುಂಭಾಗ ಮತ್ತು ಒಂದು ಪಕ್ಕ ಎರಡೂ ಕಾಣುವ ಮೂಲೆಯಲ್ಲಿ ನಿಂತರೆ ಆನೆಯೂ ಸಿಗುತ್ತದೆ, ಚಕ್ರವೂ ಸಿಗುತ್ತದೆ. ಇನ್ನೊಬ್ಬರು ತೆಗೆದ ಫೋಟೋದಿಂದ ಪುಸ್ತಕ ಮಾಡುವುದಾದರೆ ಅವರ ಒಪ್ಪಿಗೆ ಮೊದಲು.

2. ಪ್ರತಿ ಗೆರೆಗೂ ಒಂದೇ ಪ್ರಶ್ನೆ ಕೇಳಿ: ಇಲ್ಲಿ ಮಗು ಬಣ್ಣ ಬದಲಿಸುತ್ತದೆಯೇ?
ಇಡೀ ಕೆಲಸದ ತಿರುಳು ಇದು. ಬಣ್ಣ ಬದಲಾಗುವ ಕಡೆ, ಒಂದು ವಸ್ತು ಇನ್ನೊಂದನ್ನು ಮರೆಮಾಡುವ ಕಡೆ ಗೆರೆ ಇರಲಿ. ಉಳಿದದ್ದನ್ನೆಲ್ಲ ಬಿಡಿ. ರಥದ ತಳಪಾಯದ ಪಟ್ಟಿಯಲ್ಲಿ ಸಣ್ಣ ಸಣ್ಣ ಕೆತ್ತನೆಗಳ ಸಾಲೇ ಇದೆ. ಎ4 ಹಾಳೆಗೆ ಇಳಿಸಿದರೆ ಒಂದೊಂದೂ ಅಕ್ಕಿಕಾಳಿನಷ್ಟಾಗುತ್ತದೆ. ಅವನ್ನು ಅಳಿಸಿ ಎರಡು ಉದ್ದ ಪಟ್ಟಿಗಳನ್ನು ಮಾತ್ರ ಉಳಿಸಿ, ಬೇಕಿದ್ದರೆ ಒಂದು ಪಟ್ಟಿಯಲ್ಲಿ ನಾಲ್ಕೈದು ದೊಡ್ಡ ಹೂ ಹಾಕಿ. ಕಲ್ಲಿನ ಬಿರುಕು, ಕಲೆ, ಸುತ್ತ ನಿಂತ ಪ್ರವಾಸಿಗರು ಎಲ್ಲವೂ ಹೋಗಲಿ.

ಆದರೆ ರಥದ ಗುರುತಾದದ್ದನ್ನು ಬಿಡಬೇಡಿ. ಮುಂದಿನ ಎರಡು ಆನೆಗಳು, ಅವುಗಳ ನಡುವಿನ ಏಣಿ, ಚಕ್ರ, ಗರುಡನ ಗುಡಿಯ ಕಂಬಗಳು, ಬಾಗಿದ ಚಾಚುಸೂರು, ಇಷ್ಟಿದ್ದರೆ ಐವತ್ತು ರೂಪಾಯಿ ನೋಟು ನೋಡಿದ ಮಗುವೂ ಗುರುತು ಹಿಡಿಯುತ್ತದೆ. ಆನೆಗಳು ಆಮೇಲೆ ತಂದಿಟ್ಟವು. ಮೊದಲಿದ್ದ ಕುದುರೆಗಳ ಹಿಂಗಾಲು, ಬಾಲ ಆನೆಗಳ ಹಿಂದೆ ಇನ್ನೂ ಉಳಿದಿವೆ. ಫೋಟೋದಲ್ಲಿ ಆ ಬಾಲ ಸ್ಪಷ್ಟವಿದ್ದರೆ ನಾನಂತೂ ಬಿಡಲಾರೆ. ‘ಇದು ಯಾರ ಬಾಲ?’ ಎಂದು ಮಗು ಕೇಳುವುದಕ್ಕೆ ಅದೊಂದು ಗೆರೆ ಸಾಕು.

3. ಮಸುಕು ಪ್ರಿಂಟ್ ಮೇಲೆ ಪೆನ್ಸಿಲ್ ಓಡಲಿ.
ಫೋಟೋವನ್ನು ಪುಸ್ತಕದ ಅಳತೆಯಲ್ಲೇ, ಎ4 ಆದರೆ ಎ4ರಲ್ಲೇ, ತಿಳಿಯಾಗಿ ಪ್ರಿಂಟ್ ಮಾಡಿ. ಅದರ ಮೇಲೆ ಬಿಳಿ ಹಾಳೆ ಇಟ್ಟು ಹಗಲಲ್ಲಿ ಕಿಟಕಿಯ ಗಾಜಿಗೆ ಅಂಟಿಸಿದರೆ ಕೆಳಗಿನ ಚಿತ್ರ ಕಾಣುತ್ತದೆ. ಬೇರೆ ಸಲಕರಣೆ ಬೇಡ. ಪೆನ್ಸಿಲ್ ಗೆರೆ ಮುಗಿದ ಮೇಲೆ ಫೋಟೋವನ್ನು ಪಕ್ಕಕ್ಕಿಟ್ಟು ಗೆರೆಗಳನ್ನಷ್ಟೇ ನೋಡಿ. ಫೋಟೋ ಕೆಳಗಿದ್ದಾಗ ಸರಿಯಾಗಿ ಕಂಡ ಆನೆಯ ಕಾಲು ಈಗ ಬರೀ ಉದ್ದ ಕೊಳವೆಯಂತೆ ಕಾಣಬಹುದು. ಉಗುರು, ಮೊಣಕಾಲಿನ ಬಾಗು ಎರಡನ್ನು ಸೇರಿಸಿದರೆ ಮತ್ತೆ ಆನೆಯಾಗುತ್ತದೆ.

4. ಚಕ್ರದ ದಳಗಳನ್ನು ಕ್ರೇಯಾನ್ ಅಳತೆಗೆ ತನ್ನಿ.
ಎಡವುವುದು ಹೆಚ್ಚಾಗಿ ಇಲ್ಲೇ. ರಥದ ಚಕ್ರದಲ್ಲಿ ಹೂಬಳ್ಳಿಯ ಸುತ್ತುಗಳು ಒಂದರೊಳಗೊಂದು ಇವೆ. ಪುಟದಲ್ಲಿ ಚಕ್ರ 6 ಸೆಂ.ಮೀ. ಅಗಲ ಬಂತು ಎಂದುಕೊಳ್ಳಿ. ಮಧ್ಯದ ಗುಂಬ, ಒಂದು ಸುತ್ತು ದಳ, ಹೊರಗಿನ ಅಂಚುಪಟ್ಟಿ, ಈ ಮೂರನ್ನೇ ಇಡಿ. ನಡುವಿನಿಂದ 2 ಸೆಂ.ಮೀ. ದೂರದಲ್ಲಿ ಸುತ್ತಳತೆ ಹನ್ನೆರಡೂವರೆ ಸೆಂ.ಮೀ. ಇರುತ್ತದೆ. ಅಲ್ಲಿ 16 ದಳ ಹಾಕಿದರೆ ಒಂದಕ್ಕೆ 8 ಮಿ.ಮೀ. ಸಿಗುತ್ತದೆ, ಅದರಲ್ಲಿ ಗೆರೆಯ ದಪ್ಪ ಕಳೆದರೆ ಉಳಿಯುವ ಜಾಗಕ್ಕಿಂತ ಕ್ರೇಯಾನ್ ಕಡ್ಡಿಯೇ ದಪ್ಪ. 8 ದಳ ಹಾಕಿದರೆ ಒಂದೂವರೆ ಸೆಂ.ಮೀ. ಸಿಗುತ್ತದೆ, ಯುಕೆಜಿ ಮಗುವಿನ ಕೈಗೆ ಅದು ಸಾಕು. ಕಲ್ಲಿನಲ್ಲಿ ಎಷ್ಟೇ ದಳಗಳಿರಲಿ, ನಿಮ್ಮ ಪುಟದಲ್ಲಿ ಎಂಟು. ಏಳೆಂಟು ವರ್ಷದವರ ಪುಸ್ತಕವಾದರೆ ಹನ್ನೆರಡರವರೆಗೆ ಹೋಗಬಹುದು.

ಮೂಲೆಯಿಂದ ತೆಗೆದ ಫೋಟೋದಲ್ಲಿ ಚಕ್ರ ದುಂಡಗಿರದೆ ಮೊಟ್ಟೆಯಾಕಾರವಾಗಿರುತ್ತದೆ. ಮೊದಲು ಅದರ ಉದ್ದ, ಅಗಲದ ಎರಡು ಅಡ್ಡಗೆರೆಗಳನ್ನು ತೆಳುವಾಗಿ ಎಳೆದು, ನಾಲ್ಕು ತುದಿಗಳನ್ನು ಸೇರಿಸುತ್ತಾ ಬಳಸಿ ಬನ್ನಿ. ಒಳಸುತ್ತುಗಳಿಗೂ ಅದೇ ಅಡ್ಡಗೆರೆಗಳು ಆಧಾರ.

5. ಶಾಯಿಯಲ್ಲಿ ಎರಡೇ ದಪ್ಪ.
ರಥದ ಮತ್ತು ಆನೆಗಳ ಹೊರಗೆರೆ ಒಂದೂವರೆ ಮಿ.ಮೀ., ಒಳಗಿನದು ಅದರ ಅರ್ಧ. 0.8ರ ಕಪ್ಪು ಡ್ರಾಯಿಂಗ್ ಪೆನ್ನಿನಲ್ಲಿ ಹೊರಗೆರೆಯನ್ನು ಎರಡು ಸಲ ಒತ್ತೊತ್ತಾಗಿ ಎಳೆದರೆ ಆಯಿತು. ಉದ್ದ ಗೆರೆಗೆ ಬೆರಳನ್ನಲ್ಲ, ಇಡೀ ತೋಳನ್ನು ಆಡಿಸಿ. ಕಪ್ಪು ತುಂಬಿದ ಜಾಗ, ಅಡ್ಡಗೆರೆಯ ನೆರಳು ಬೇಡ; ಅವು ಮಗು ಬಣ್ಣ ಹಚ್ಚಬೇಕಾದ ಜಾಗವನ್ನು ತಿನ್ನುತ್ತವೆ. ಗುಡಿಯ ಒಳಗಿನ ಕತ್ತಲೆಯನ್ನೂ ಖಾಲಿ ಬಿಡಿ. ಶಾಯಿ ಪೂರ್ತಿ ಒಣಗಿದ ಮೇಲೆ ಪೆನ್ಸಿಲ್ ಅಳಿಸಿ. ಎ3ರಲ್ಲಿ ಬಿಡಿಸಿ ಎ4ಕ್ಕೆ ಇಳಿಸುವುದಾದರೆ ಗೆರೆಯ ದಪ್ಪ ಹತ್ತರಲ್ಲಿ ಸುಮಾರು ಏಳು ಪಾಲಿಗೆ ಇಳಿಯುತ್ತದೆ, 1 ಮಿ.ಮೀ. ಇದ್ದದ್ದು 0.7 ಆಗುತ್ತದೆ. ಅದಕ್ಕೆ ತಕ್ಕಂತೆ ಮೊದಲೇ ದಪ್ಪ ಎಳೆಯಬೇಕು.

6. ಸ್ಕ್ಯಾನ್ ಮಾಡಿ, ಬೂದು ಬಣ್ಣವನ್ನು ತೆಗೆದುಹಾಕಿ.
600 ಡಿಪಿಐಯಲ್ಲಿ ಗ್ರೇಸ್ಕೇಲ್ ಸ್ಕ್ಯಾನ್ ಮಾಡಿ. ಮೊಬೈಲಲ್ಲಿ ಫೋಟೋ ಹೊಡೆದರೆ ಹಾಳೆಯ ಒಂದು ಮೂಲೆ ಕಪ್ಪಾಗಿ ಮುಂದಿನ ಹೆಜ್ಜೆ ಕೆಡುತ್ತದೆ. ಉಚಿತವಾಗಿ ಸಿಗುವ ಜಿಂಪ್‌ನಲ್ಲಿ ತೆರೆದು `Colors > Threshold` ಆರಿಸಿ. ಅಲ್ಲಿಯ ಅಂಕಿಯನ್ನು ಏರಿಸಿದಷ್ಟೂ ಗೆರೆ ದಪ್ಪವಾಗುತ್ತದೆ, ಜೊತೆಗೆ ಸರಿಯಾಗಿ ಅಳಿಸದ ಪೆನ್ಸಿಲ್ ಗುರುತುಗಳೂ ಮೇಲೇಳುತ್ತವೆ. ಇಳಿಸಿದರೆ ತೆಳು ಗೆರೆಗಳು ತುಂಡಾಗುತ್ತವೆ. 127ರಿಂದ ಹೊರಟು, ತುಂಡಾದ ಗೆರೆಗಳು ಕೂಡುವವರೆಗೆ ಮೆಲ್ಲಗೆ ಏರಿಸಿ. ಉಳಿದ ಚುಕ್ಕಿಗಳನ್ನು ಬಿಳಿ ಬ್ರಷ್‌ನಿಂದ ಒರೆಸಿ. ಕೊನೆಗೆ ಪಿಎನ್‌ಜಿಯಾಗಿ ಉಳಿಸಿ. ಜೆಪೆಗ್ ಮಾಡಿದರೆ ಗೆರೆಗಳ ಸುತ್ತ ಬೂದು ಧೂಳು ಮತ್ತೆ ಹುಟ್ಟಿಕೊಳ್ಳುತ್ತದೆ.

7. ಬಣ್ಣ ಸುರಿದು ಸೋರಿಕೆ ನೋಡಿ, ಆಮೇಲೆ ಪ್ರೆಸ್ಸಿಗೆ ಕೊಡಿ.
ಚಿತ್ರದ ಒಂದು ನಕಲು ಮಾಡಿಕೊಂಡು, ಬಣ್ಣ ಹಿಡಿಯುವಂತೆ `Image > Mode > RGB` ಆರಿಸಿ, `Bucket Fill` ಉಪಕರಣದಿಂದ ಪ್ರತಿ ಭಾಗಕ್ಕೂ ಬೇರೆ ಬಣ್ಣ ಸುರಿಯಿರಿ. ಆನೆಯ ಕಿವಿಗೆ ಹಾಕಿದ ಹಳದಿ ಆಕಾಶಕ್ಕೆಲ್ಲ ಹರಡಿತು ಎಂದರೆ ಆ ಕಿವಿಯ ಗೆರೆಯಲ್ಲಿ ಕಣ್ಣಿಗೆ ಕಾಣದ ಬಿರುಕಿದೆ. ಹೆಚ್ಚಾಗಿ ಅದು ಎರಡು ಗೆರೆಗಳು ಸೇರುವ ತುದಿಯಲ್ಲೇ ಇರುತ್ತದೆ. ಹಿಗ್ಗಿಸಿ ನೋಡಿ ಮೂಲ ಚಿತ್ರದಲ್ಲಿ ಮುಚ್ಚಿ. ಮಗುವಿನ ಕಣ್ಣು ಸಣ್ಣ ಬಿರುಕನ್ನು ತಾನೇ ಮುಚ್ಚಿಕೊಳ್ಳುತ್ತದೆ ನಿಜ, ಆದರೆ ಅದೇ ಪುಟವನ್ನು ಟ್ಯಾಬ್‌ನಲ್ಲಿ ತುಂಬುವ ಮಗುವಿಗೆ ಪೂರ್ತಿ ಪರದೆ ಹಳದಿಯಾಗುತ್ತದೆ.

ಮುದ್ರಣಕ್ಕೆ ಕೊಡುವಾಗ ಬೈಂಡಿಂಗ್ ಕಡೆ 2 ಸೆಂ.ಮೀ. ಬಿಡಿ, ಇಲ್ಲವಾದರೆ ಹಿಂದಿನ ಚಕ್ರ ಹೊಲಿಗೆಯೊಳಗೆ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯ ಜೆರಾಕ್ಸ್ ಹಾಳೆ ಕ್ರೇಯಾನ್‌ಗೆ ನಡೆಯುತ್ತದೆ. ಸ್ಕೆಚ್ ಪೆನ್ ಬಳಸುವ ಮಕ್ಕಳಿಗಾದರೆ 100 ಜಿಎಸ್‌ಎಂ ಅಥವಾ ಮೇಲಿನ ಹಾಳೆ ಕೇಳಿ, ಒಂದೇ ಬದಿಯಲ್ಲಿ ಮುದ್ರಿಸಲು ಹೇಳಿ.