ಡಿಜಿಟಲ್‌ಬಾಕ್ಸಿನ ಧ್ವನಿಗೆ ಯಾವ ಕೇಬಲ್?

ನಾವು ಸೆಟ್ ಟಾಪ್ ಬಾಕ್ಸ್ ಅನ್ನೋದನ್ನ ಸ್ವೀಡನ್ನಿನಲ್ಲಿ ‘ಡಿಜಿಟಲ್‌ಬಾಕ್ಸ್’ ಅಂತಾರೆ. ನಮ್ಮ ಕಾರಿಡಾರಿನ ಅಡುಗೆಮನೆಯಲ್ಲೂ ಒಂದಿದೆ. ಟಿವಿಯ ದನಿ ಡಬ್ಬದೊಳಗಿಂದ ಬಂದ ಹಾಗಿತ್ತು. ಅದಕ್ಕೇ ಲೊಪ್ಪಿಸ್‌ನಲ್ಲಿ, ಅಂದ್ರೆ ಹಳೇ ಸಾಮಾನಿನ ಸಂತೆಯಲ್ಲಿ, ಒಂದು ಸ್ಟೀರಿಯೋ ಆಂಪ್ಲಿಫೈಯರ್ ತಂದೆವು.

ಬಾಕ್ಸಿನ ಹಿಂಭಾಗದಲ್ಲಿ ಧ್ವನಿಗೆ ಎರಡು ಡಿಜಿಟಲ್ ಸಾಕೆಟ್‌ಗಳಿದ್ದವು. COAXIAL ಎಂದು ಬರೆದ, ಕಿತ್ತಳೆ ಬಣ್ಣದ ದುಂಡನೆಯ ಆರ್‌ಸಿಎ ಸಾಕೆಟ್ ಒಂದು. OPTICAL ಎಂಬ, ಪುಟ್ಟ ಬಾಗಿಲಿರುವ ಚೌಕದ್ದು ಇನ್ನೊಂದು. ಎರಡರಲ್ಲೂ ಹೋಗುವುದು ಒಂದೇ ಅಂಕಿಗಳ ಸಾಲು. ಮೊದಲನೆಯದರಲ್ಲಿ ತಾಮ್ರದ ತಂತಿಯ ಮೇಲೆ ವಿದ್ಯುತ್ತಾಗಿ, ಎರಡನೆಯದರಲ್ಲಿ ಪ್ಲಾಸ್ಟಿಕ್ ಎಳೆಯೊಳಗೆ ಕೆಂಪು ಬೆಳಕಾಗಿ. ಹಾಗಾಗಿ ‘ಆಪ್ಟಿಕಲ್ ಆದ್ರೆ ಸೌಂಡ್ ಚೆನ್ನಾಗಿರುತ್ತೆ’ ಅನ್ನುವ ಅಂಗಡಿಯವನ ಮಾತನ್ನು ನಾನಂತೂ ನಂಬುವುದಿಲ್ಲ. ಎಲ್ಲ ಬಾಕ್ಸಿನಲ್ಲೂ ಎರಡೂ ಇರುವುದಿಲ್ಲ. ಕೊಳ್ಳುವ ಮೊದಲು ಬಾಕ್ಸ್, ಆಂಪ್ಲಿಫೈಯರ್ ಎರಡರ ಬೆನ್ನೂ ತಿರುಗಿಸಿ ನೋಡಿ.

ಡ್ರಾಯರಿನಲ್ಲಿ ಹಳದಿ ಪ್ಲಗ್ಗಿನ ಹಳೇ ವಿಡಿಯೋ ಕೇಬಲ್ ಸಿಕ್ಕಿತು. ಡಿಜಿಟಲ್ ಧ್ವನಿಗೆ ಬೇಕಾದ 75 ಓಮ್ ಕೇಬಲ್ಲೇ ಅದೂ ಆಗಿರುತ್ತದೆ, ಆದ್ದರಿಂದ ನಡೆಯುತ್ತೆ. ಸಿಕ್ಕಿಸಿದರೆ ಸದ್ದೇ ಇಲ್ಲ! ಬಾಕ್ಸಿನ ಧ್ವನಿ ಸೆಟ್ಟಿಂಗ್ Dolby Digital ಆಗಿತ್ತು. ನಮ್ಮ ಸ್ಟೀರಿಯೋ ಆಂಪ್ಲಿಫೈಯರಿಗೆ ಆ ಭಾಷೆ ಬರದು. PCM ಮಾಡಿದ ಕೂಡಲೇ ದನಿ ಬಂತು, ಜೊತೆಗೆ ಸಣ್ಣದಾಗಿ ‘ಗುಂಯ್’ ಅನ್ನೋ ಗುನುಗೂ ಬಂತು.

ಈ ಗುನುಗು ಅಂಕಿಗಳೊಳಗಿನದಲ್ಲ. ಅದೇ ಆಂಪ್ಲಿಫೈಯರಿಗೆ ಗೆಳೆಯನೊಬ್ಬನ ಡೆಸ್ಕ್‌ಟಾಪ್ ಕಂಪ್ಯೂಟರೂ ಸೇರಿತ್ತು. ಅದರ ಅರ್ಥಿಂಗ್ ಗೋಡೆಯ ಪ್ಲಗ್ಗಿನಿಂದ ಬರುತ್ತೆ. ಬಾಕ್ಸಿಗೆ ಬರುವ ಆಂಟೆನಾ ಕೇಬಲ್ಲಿನ ಹೊರಹೊದಿಕೆಗೆ ಕಟ್ಟಡದ ಇನ್ನೊಂದು ಕಡೆ ಅರ್ಥಿಂಗ್. ನಮ್ಮ ತಾಮ್ರದ ತಂತಿ ಇವೆರಡನ್ನೂ ಜೋಡಿಸಿ ಒಂದು ಸುತ್ತು ಮಾಡಿತ್ತು. ಅದರಲ್ಲಿ ಹರಿಯುವ 50 ಹರ್ಟ್ಸಿನ ಸಣ್ಣ ಕರೆಂಟು ಆಂಪ್ಲಿಫೈಯರಿನೊಳಗೆ ಸೇರಿ ಕೇಳಿಸುತ್ತದೆ. ಪರೀಕ್ಷೆ ಸುಲಭ: ಆಂಟೆನಾ ಕೇಬಲ್ ಕಿತ್ತೆವು, ಚಿತ್ರ ಹೋಯಿತು, ಗುನುಗೂ ಹೋಯಿತು. (ಪ್ಲಗ್ಗಿನ ಅರ್ಥಿಂಗ್ ಮುಚ್ಚುವ ಉಪಾಯವನ್ನು ಮಾತ್ರ ದಯವಿಟ್ಟು ಮಾಡಬೇಡಿ, ಜೀವಕ್ಕೆ ಅಪಾಯ.)

ಇಂಥ ಕಡೆ ಆಪ್ಟಿಕಲ್ ಗೆಲ್ಲುತ್ತದೆ, ಬೆಳಕಿನಲ್ಲಿ ಕರೆಂಟು ದಾಟುವುದಿಲ್ಲವಲ್ಲ. ಹೊಸ ಕೇಬಲ್ ತಂದು ಹಾಕಿದೆವು, ಮತ್ತೆ ಮೌನ. ಪ್ಲಗ್ಗಿನ ತುದಿಗೆ ಪಾರದರ್ಶಕ ಪ್ಲಾಸ್ಟಿಕ್ ಟೋಪಿ ಇತ್ತು, ತೆಗೆದೇ ಇರಲಿಲ್ಲ! ತೆಗೆದು ಬಾಕ್ಸಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅಂಗೈಗೆ ಹಿಡಿದರೆ ಕೆಂಪು ಚುಕ್ಕೆ ಬಿತ್ತು. ಚುಕ್ಕೆ ಬಿದ್ದರೆ ಬಾಕ್ಸಿನಿಂದ ಇಲ್ಲಿಯವರೆಗೆ ದಾರಿ ಸರಿ ಇದೆ ಅಂತ. ಆದರೆ ಈ ಕೇಬಲ್ಲನ್ನು ಸೋಫಾದ ಮೂಲೆಗೆ ಚೂಪಾಗಿ ಮಡಚಬೇಡಿ, ಬೆಳಕು ಸೋರುತ್ತೆ.

ನಿಮ್ಮ ಬಾಕ್ಸಿನಲ್ಲಿ ಕೋಆಕ್ಸಿಯಲ್ ಮಾತ್ರ ಇದ್ದು ಗುನುಗು ಕಾಡಿದರೆ, ಆಂಟೆನಾ ಕೇಬಲ್ಲಿನ ನಡುವೆ ಹಾಕುವ ‘ಗಾಲ್ವಾನಿಸ್ಕ್ ಇಸೊಲಾಟೋರ್’ ಎಂಬ ಪುಟ್ಟ ಜೋಡಣೆಯನ್ನು ಅಂಗಡಿಯಲ್ಲಿ ಕೇಳಿ; ಆ ಸುತ್ತನ್ನು ಅದೂ ಕಡಿಯುತ್ತದೆ.