ಎಲ್ಲಿಗೆ ನಿಲ್ಲಿಸಿದ್ದೆವು? ಭೂಕಂಪದ ದಾಖಲೆಯೂ ಒಂದು ಸಾಲಿನ ಫೈಲೂ

ಓದುತ್ತಿದ್ದ ಪುಸ್ತಕ ಮುಚ್ಚುವ ಮೊದಲು ಪುಟದ ನಡುವೆ ನವಿಲುಗರಿ ಇಡುತ್ತೇವೆ. ಕಂಪ್ಯೂಟರ್ ಪ್ರೋಗ್ರಾಂಗಳು ಇದೇ ಕೆಲಸಕ್ಕೆ ಸ್ಟೇಟ್ ಫೈಲ್ ಎಂಬ ಚಿಕ್ಕ ಫೈಲನ್ನು ಬಳಸುತ್ತವೆ. ಅದು ಹೇಗೆ ಕೆಲಸ ಮಾಡುತ್ತದೆ, ಕೆಟ್ಟರೆ ಏನಾಗುತ್ತದೆ ಎಂಬುದನ್ನು ನ್ಯೂಜಿಲೆಂಡ್‌ನ ಭೂಕಂಪ ಮಾಪನ ಜಾಲವಾದ ಜಿಯೋನೆಟ್‌ನ ಉದಾಹರಣೆಯಲ್ಲಿ ನೋಡೋಣ.

2001ರಲ್ಲಿ ಶುರುವಾದ ಜಿಯೋನೆಟ್ ತನ್ನ ಕೇಂದ್ರಗಳು ದಾಖಲಿಸಿದ ನೆಲದ ಕಂಪನವನ್ನು ಆಗಿಂದಾಗಲೇ ಎಲ್ಲರಿಗೂ ಹಂಚುತ್ತದೆ. ಅದಕ್ಕೆ ಬಳಸುವ ವಿಧಾನದ ಹೆಸರು ಸೀಡ್‌ಲಿಂಕ್. ದತ್ತಾಂಶ 512 ಬೈಟ್‌ಗಳ ಪ್ಯಾಕೆಟ್‌ಗಳಾಗಿ ಬರುತ್ತದೆ, ಪ್ರತಿ ಪ್ಯಾಕೆಟ್‌ಗೂ ಒಂದು ಕ್ರಮಸಂಖ್ಯೆ ಇರುತ್ತದೆ. ವೆಲಿಂಗ್ಟನ್ ಕೇಂದ್ರದ ದತ್ತಾಂಶ ಪಡೆಯಲು `slinktool` ಎಂಬ ಪ್ರೋಗ್ರಾಂ ಅನ್ನು ಹೀಗೆ ಓಡಿಸಬಹುದು:

```
slinktool -S NZ_WEL -x wel.state:100 -o wel.mseed link.geonet.org.nz:18000
```

ಬಂದ ಪ್ಯಾಕೆಟ್‌ಗಳೆಲ್ಲ `wel.mseed` ಫೈಲಿನ ಕೊನೆಗೆ ಸೇರುತ್ತಾ ಹೋಗುತ್ತವೆ. `-x` ನಂತರ ಬರುವುದು ಸ್ಟೇಟ್ ಫೈಲ್. ನೂರು ಪ್ಯಾಕೆಟ್ ಬಂದಾಗಲೆಲ್ಲ ಗುರುತನ್ನು ಬರೆ ಎಂದು `:100` ಹೇಳುತ್ತದೆ. ಈ ಸಂಖ್ಯೆಯನ್ನು ಕೊಡದಿದ್ದರೆ ಪ್ರೋಗ್ರಾಂ ಕ್ರಮವಾಗಿ ನಿಂತಾಗ ಮಾತ್ರ ಗುರುತು ಬರೆಯುತ್ತದೆ. ಕರೆಂಟ್ ಹೋದರೆ ಬರೆಯುವುದೇ ಇಲ್ಲ.

ಆ ಫೈಲ್ ತೆರೆದರೆ ಇಂಥ ಒಂದು ಸಾಲು ಕಾಣುತ್ತದೆ (ಕ್ರಮಸಂಖ್ಯೆ ನಾನು ಉದಾಹರಣೆಗೆ ಇಟ್ಟದ್ದು):

```
NZ WEL 48210 2016,11,13,11,00,00
```

ಜಾಲ, ಕೇಂದ್ರ, ಕೊನೆಯ ಪ್ಯಾಕೆಟ್‌ನ ಸಂಖ್ಯೆ, ಆ ಪ್ಯಾಕೆಟ್ ಶುರುವಾದ ಸಮಯ. ಮತ್ತೆ ಓಡಿಸಿದಾಗ ಪ್ರೋಗ್ರಾಂ 48211ರಿಂದ ಕೊಡು ಎಂದು ಸರ್ವರನ್ನು ಕೇಳುತ್ತದೆ. ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ: ಈ ಸಮಯ ನ್ಯೂಜಿಲೆಂಡ್‌ನದಲ್ಲ, ವಿಶ್ವ ಸಮಯ. ಕೈಕೋರಾದ 7.8 ತೀವ್ರತೆಯ ಭೂಕಂಪ ಅಲ್ಲಿನ ಗಡಿಯಾರದಲ್ಲಿ 2016ರ ನವೆಂಬರ್ 14ರ ಮಧ್ಯರಾತ್ರಿ 12 ಗಂಟೆ 2 ನಿಮಿಷಕ್ಕೆ ಆಯಿತು. ಬೇಸಿಗೆ ಸಮಯ 13 ಗಂಟೆ ಮುಂದಿರುವುದರಿಂದ ದಾಖಲೆಯಲ್ಲಿ ಅದು 13ನೇ ತಾರೀಕು, 11 ಗಂಟೆ 2 ನಿಮಿಷ.

ಈಗ ಆ ರಾತ್ರಿಯನ್ನೇ ಊಹಿಸಿಕೊಳ್ಳಿ. 11:00ಕ್ಕೆ ಗುರುತು ಬಿದ್ದಿದೆ. ಭೂಕಂಪದೊಂದಿಗೆ 11:03ಕ್ಕೆ ನಿಮ್ಮ ಯಂತ್ರಕ್ಕೆ ವಿದ್ಯುತ್ ಕಡಿದು, 11:40ಕ್ಕೆ ಮರಳಿ ಬಂತು.

ಫೈಲ್ ಸರಿಯಾಗಿದ್ದರೆ ದತ್ತಾಂಶ 11:00ರಿಂದಲೇ ಮತ್ತೆ ಬರುತ್ತದೆ. ಮೂರು ನಿಮಿಷದ್ದು ಎರಡೆರಡು ಸಲ ದಾಖಲಾಗುತ್ತದೆ. ಪ್ರತಿ ಪ್ಯಾಕೆಟ್‌ನಲ್ಲೂ ಅದರ ಸಮಯ ಇರುವುದರಿಂದ ನಕಲನ್ನು ಗುರುತಿಸಿ ತೆಗೆಯುವುದು ಕಷ್ಟವಲ್ಲ.

ಫೈಲ್ ಅಳಿದಿದ್ದರೆ ಅಥವಾ ಖಾಲಿಯಾಗಿದ್ದರೆ ಪ್ರೋಗ್ರಾಂಗೆ ತಾನು ಮೊದಲ ಸಲ ಓಡುತ್ತಿರುವಂತೆಯೇ ಕಾಣುತ್ತದೆ. ಅದು ಆ ಕ್ಷಣದಿಂದ ಮುಂದಿನದನ್ನು ಮಾತ್ರ ಕೇಳುತ್ತದೆ. 11:03ರಿಂದ 11:40ರವರೆಗಿನ ಕಂಪನವೆಲ್ಲ, ದೊಡ್ಡ ಅಲುಗಾಟದ ಬೆನ್ನಿಗೇ ಬಂದ ಮರುಕಂಪನಗಳೂ ಸೇರಿ, ನಿಮ್ಮ ದಾಖಲೆಯಲ್ಲಿ ಇರುವುದಿಲ್ಲ. ತಪ್ಪಾಗಿದೆ ಎಂದು ಯಾರೂ ಹೇಳುವುದಿಲ್ಲ. ದತ್ತಾಂಶ ಬರುತ್ತಲೇ ಇರುವುದರಿಂದ ಎಲ್ಲ ಸರಿಯಿದೆ ಎನಿಸುತ್ತದೆ.

ಅರ್ಧ ಕೆಟ್ಟ ಫೈಲ್ ಇನ್ನೂ ಮೋಸದ್ದು. ಬರೆಯುವ ಮಧ್ಯೆ ತುಂಡಾಗಿ 48210 ಎಂಬುದು 482 ಆಗಿ ಉಳಿದರೆ, ಅದೂ ನೋಡಲು ಒಂದು ಸಂಖ್ಯೆಯೇ. ಪ್ರೋಗ್ರಾಂ ನಂಬಿ ತಪ್ಪು ಜಾಗವನ್ನು ಕೇಳುತ್ತದೆ. ಸಾಲಿನಲ್ಲಿ ಸಮಯ ಇಲ್ಲದಿರುವುದು ನಿಮಗೆ ಸಿಗುವ ಸುಳಿವು.

ಹಾಗಾಗಿ ಪ್ರತಿ ಸಲ ಯಂತ್ರ ಎದ್ದಾಗ ಒಂದು ಹೋಲಿಕೆ ಮಾಡಿ: ಹಿಂದಿನ ಕೊನೆಯ ಪ್ಯಾಕೆಟ್ ಎಲ್ಲಿಗೆ ಮುಗಿದಿದೆ, ಹೊಸದರಲ್ಲಿ ಮೊದಲನೆಯದು ಎಲ್ಲಿ ಶುರುವಾಗಿದೆ? ಗುರುತು ಕಳೆದಿದ್ದರೂ ದತ್ತಾಂಶದೊಳಗೆ ಸಮಯ ಉಳಿದಿರುತ್ತದೆ. ಕ್ರಮಸಂಖ್ಯೆ ಮಾತ್ರ `wel.mseed`ನಲ್ಲಿ ಇರುವುದಿಲ್ಲ, ಆದ್ದರಿಂದ ಬಿಟ್ಟುಹೋದದ್ದನ್ನು ಸಮಯ ಹೇಳಿ ಕೇಳಬೇಕು:

```
slinktool -S NZ_WEL -tw 2016,11,13,11,02,00:2016,11,13,11,41,00 -o gap.mseed link.geonet.org.nz:18000
```

ಎರಡೂ ತುದಿಯಲ್ಲಿ ಒಂದು ನಿಮಿಷ ಹೆಚ್ಚು ಕೇಳಿದ್ದೇನೆ. ನಕಲನ್ನು ತೆಗೆಯಬಹುದು, ಇಲ್ಲದ್ದನ್ನು ಹುಟ್ಟಿಸಲಾಗದು. ಆದರೆ ಸರ್ವರ್ ಇತ್ತೀಚಿನ ಪ್ಯಾಕೆಟ್‌ಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಹೊಸದು ಬಂದಂತೆ ಹಳೆಯದು ಅಳಿಯುತ್ತದೆ. ಆ ಅವಧಿ ಮೀರಿದರೆ ಸ್ಟೇಟ್ ಫೈಲ್ ಸರಿಯಿದ್ದರೂ, ಈ ಆಜ್ಞೆ ಕೊಟ್ಟರೂ ಫಲವಿಲ್ಲ. ಆಗ ಜಿಯೋನೆಟ್‌ನ ಸಂಗ್ರಹ ಸೇವೆಗೆ ಹೋಗಬೇಕು. 2016ರ ಈ ದತ್ತಾಂಶವನ್ನು ಇಂದು ಹುಡುಕಬೇಕಾದದ್ದೂ ಅಲ್ಲೇ.

ಏನೋ ತೊಡಕು ಬಂದಾಗ ಹೊಸದಾಗಿ ಶುರು ಮಾಡೋಣ ಎಂದು ಸ್ಟೇಟ್ ಫೈಲ್ ಅಳಿಸುವ ರೂಢಿ ಹಲವರಿಗಿದೆ. ಅದರ ಬದಲು ಗಂಟೆಗೊಮ್ಮೆ ಅದರ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ತೆಗೆದಿಡಿ, ಕೆಟ್ಟರೆ ಆ ಹಳೆಯ ಪ್ರತಿಯಿಂದ ಮುಂದುವರಿಸಿ. ನವಿಲುಗರಿ ನಾಲ್ಕು ಪುಟ ಹಿಂದಿದ್ದರೆ ನಾಲ್ಕು ಪುಟ ಮತ್ತೆ ಓದುತ್ತೀರಿ. ಗರಿ ಬಿದ್ದುಹೋಗಿ, ಪುಸ್ತಕ ತೆರೆದ ಕಡೆಯಿಂದ ಓದಿದರೆ ನಡುವಿನ ಕಥೆ ತಪ್ಪಿದ್ದು ನಿಮಗೇ ತಿಳಿಯುವುದಿಲ್ಲ.