ವಿಡಿಯೋದಿಂದ ಥಂಬ್‌ನೇಲ್: ಫ್ರೇಮ್‌ನ ಆಯ್ಕೆ ಮತ್ತು ತಿದ್ದುಪಡಿ

ತಮ್ಮ ಉತ್ಪನ್ನದ ತಯಾರಿಕೆಯನ್ನು ವಿಡಿಯೋ ಮಾಡಿ ಯೂಟ್ಯೂಬ್‌ಗೆ ಏರಿಸುವ ಸಣ್ಣ ಉದ್ದಿಮೆದಾರರು ಚಿತ್ರೀಕರಣ ಹಾಗೂ ಸಂಕಲನಕ್ಕೆ ಸಾಕಷ್ಟು ವೆಚ್ಚ ಮಾಡುತ್ತಾರೆ. ಆದರೆ ಗ್ರಾಹಕನು ಮೊದಲು ಕಾಣುವುದು ವಿಡಿಯೋವನ್ನಲ್ಲ, ಅದರ ಥಂಬ್‌ನೇಲ್ ಎನ್ನಲಾಗುವ ಪುಟ್ಟ ಚಿತ್ರವನ್ನು. ಇದನ್ನು ಯೂಟ್ಯೂಬ್ ತಾನಾಗಿ ಸೂಚಿಸುವ ಮೂರು ಚಿತ್ರಗಳಿಗೇ ಬಿಟ್ಟರೆ, ಅರ್ಧ ಮುಚ್ಚಿದ ಕಣ್ಣು ಅಥವಾ ಮಸುಕಾದ ಕೈ ಸರಕಿನ ಪ್ರತಿನಿಧಿಯಾಗಿ ನಿಂತುಬಿಡುವ ಸಂಭವವುಂಟು. ಸಿದ್ಧ ವಿಡಿಯೋದೊಳಗಿನಿಂದಲೇ ಯೋಗ್ಯ ಫ್ರೇಮ್ ಒಂದನ್ನು ಆರಿಸಿ ತಿದ್ದುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಚನ್ನಪಟ್ಟಣದ ಅರಗಿನ ಆಟಿಕೆಗಳ ತಯಾರಕರೊಬ್ಬರ ಬಳಿ ಮೂರು ನಿಮಿಷದ ವಿಡಿಯೋ ಇದೆಯೆಂದು ಉದಾಹರಣೆಗಾಗಿ ಭಾವಿಸೋಣ. ಅದರ ಅಳತೆ 1920×1080 ಪಿಕ್ಸೆಲ್. ವೇಗ ಸೆಕೆಂಡಿಗೆ 25 ಫ್ರೇಮ್. ಎಂದರೆ ಆಯ್ಕೆಗೆ ಒಟ್ಟು 4,500 ಚಿತ್ರಗಳಿವೆ.

ಯಾವ ದೃಶ್ಯ?

ತಯಾರಕರ ಮನಸ್ಸು ಸಾಮಾನ್ಯವಾಗಿ ವಿಡಿಯೋದ ಕೊನೆಯಲ್ಲಿ ಹನ್ನೆರಡು ಬಗೆಯ ಆಟಿಕೆಗಳನ್ನು ಸಾಲಾಗಿ ಜೋಡಿಸಿದ ದೃಶ್ಯದತ್ತ ಹೋಗುತ್ತದೆ. ದೊಡ್ಡ ಪರದೆಯಲ್ಲಿ ಅದು ಸೊಗಸಾಗಿಯೇ ಕಾಣುತ್ತದೆ. ಮೊಬೈಲಿನಲ್ಲಿ ಥಂಬ್‌ನೇಲ್ ಬೆರಳುಗಳ ಅಗಲಕ್ಕೆ ಕುಗ್ಗಿದಾಗ ಮಾತ್ರ ಪ್ರತಿಯೊಂದು ಆಟಿಕೆಯೂ ಬಣ್ಣದ ಚುಕ್ಕೆಯಾಗಿಬಿಡುತ್ತದೆ. ಅದರ ಬದಲು, ಲೇತ್ ಮೇಲೆ ತಿರುಗುತ್ತಿರುವ ಮರದ ತುಂಡಿಗೆ ಕುಶಲಕರ್ಮಿಯು ಅರಗಿನ ಕಡ್ಡಿಯನ್ನು ಒತ್ತಿಹಿಡಿದಿರುವ ಸಮೀಪದೃಶ್ಯವು ಹೆಚ್ಚು ಯೋಗ್ಯ. ಘರ್ಷಣೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವುದು ಈ ಕಸುಬಿನ ವಿಶೇಷ. ಅಲ್ಲಿರುವುದು ಒಂದು ವಸ್ತು, ಒಂದು ಕೈ, ಒಂದು ಕ್ರಿಯೆ. ಚಿತ್ರ ಎಷ್ಟೇ ಕುಗ್ಗಿದರೂ ಈ ಮೂರು ಉಳಿಯುತ್ತವೆ.

ನಿಶ್ಚಲ ಕ್ಷಣದ ಹುಡುಕಾಟ

ಈ ದೃಶ್ಯದ ಎಲ್ಲ ಫ್ರೇಮ್‌ಗಳೂ ಬಳಕೆಗೆ ಬರುವುದಿಲ್ಲ. ಉರುಟಾದ ಆಟಿಕೆಯು ತನ್ನ ಅಕ್ಷದ ಮೇಲೆಯೇ ತಿರುಗುವುದರಿಂದ ಅದರ ಅಂಚುಗಳು ಸ್ಫುಟವಾಗಿಯೇ ಮೂಡುತ್ತವೆ, ಮಸುಕಾಗುವುದು ಕೈ. ಕ್ಯಾಮೆರಾದ ಶಟರ್ ಪ್ರತಿ ಫ್ರೇಮ್‌ಗೆ ಸೆಕೆಂಡಿನ 50ನೆಯ ಒಂದು ಭಾಗ ತೆರೆದಿದ್ದರೆ, ಸೆಕೆಂಡಿಗೆ 50 ಸೆಂ.ಮೀ. ವೇಗದಲ್ಲಿ ಸರಿಯುವ ಕೈ ಅಷ್ಟರಲ್ಲಿ 1 ಸೆಂ.ಮೀ. ಚಲಿಸಿರುತ್ತದೆ. ದೃಶ್ಯದ ಅಗಲ 60 ಸೆಂ.ಮೀ. ಇದ್ದಲ್ಲಿ, ಆ ಒಂದು ಸೆಂ.ಮೀ. 32 ಪಿಕ್ಸೆಲ್‌ಗಳ ಉದ್ದಕ್ಕೂ ಬಳಿದುಕೊಳ್ಳುತ್ತದೆ. ಇದನ್ನು ಯಾವ ತಂತ್ರಾಂಶದ ‘ಶಾರ್ಪನ್’ ಸೌಲಭ್ಯವೂ ಸರಿಪಡಿಸಲಾರದು; ಮಸುಕಾದ ಅಂಚಿಗೆ ಗೆರೆಯೊಂದನ್ನು ಸೇರಿಸುತ್ತದೆ, ಅಷ್ಟೆ.

ಆದರೆ ಅರಗು ಹಚ್ಚುವ ಕೈ ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಸರಿಯುತ್ತಿರುತ್ತದೆ. ದಿಕ್ಕು ಬದಲಿಸುವಾಗ ಅದು ಕ್ಷಣಕಾಲ ನಿಲ್ಲಲೇಬೇಕು. ಹುಡುಕಬೇಕಾದದ್ದು ಆ ಫ್ರೇಮನ್ನೇ. ವಿಎಲ್‌ಸಿ ಪ್ಲೇಯರ್‌ನಲ್ಲಿ ವಿಡಿಯೋ ನಿಲ್ಲಿಸಿ `E` ಕೀಲಿಯನ್ನು ಒತ್ತುತ್ತಾ ಹೋದರೆ ಒಂದೊಂದೇ ಫ್ರೇಮ್ ಮುಂದೆ ಸರಿಯುತ್ತದೆ. ವಿಂಡೋಸ್‌ನಲ್ಲಿ `Shift+S` ಒತ್ತಿದರೆ ಆ ಫ್ರೇಮ್ ಚಿತ್ರವಾಗಿ ಉಳಿಯುತ್ತದೆ. ಹಲವು ಫ್ರೇಮ್‌ಗಳನ್ನು ಒಟ್ಟಿಗೆ ಹೋಲಿಸಬೇಕಾದಲ್ಲಿ ಎಫ್ಎಫ್ಎಂಪೆಗ್ ಎಂಬ ಉಚಿತ ತಂತ್ರಾಂಶ ಅನುಕೂಲ. ದೃಶ್ಯವು 1 ನಿಮಿಷ 11ನೆಯ ಸೆಕೆಂಡಿನಲ್ಲಿ ಇದ್ದರೆ, ಈ ಆದೇಶವು ಅಲ್ಲಿಂದ ಎರಡು ಸೆಕೆಂಡುಗಳ 50 ಫ್ರೇಮ್‌ಗಳನ್ನು ಬೇರೆಬೇರೆ ಚಿತ್ರಗಳಾಗಿ ಕೊಡುತ್ತದೆ:

```
ffmpeg -ss 00:01:11 -i atike.mp4 -t 2 f%03d.png
```

ಆರಿಸುವಾಗ ಚಿತ್ರವನ್ನು ಪೂರ್ಣ ಅಳತೆಯಲ್ಲಿ ತೆರೆದು, ಉಗುರಿನ ಮೇಲಿನ ಬೆಳಕಿನ ಚುಕ್ಕೆಯನ್ನು ಗಮನಿಸಬೇಕು. ಅದು ಚುಕ್ಕೆಯಾಗಿಯೇ ಇದ್ದರೆ ಫ್ರೇಮ್ ನಿಶ್ಚಲ; ಗೆರೆಯಂತೆ ಎಳೆದುಕೊಂಡಿದ್ದರೆ ಕೈ ಚಲಿಸಿದೆ ಎಂದರ್ಥ. ಒಂದು ದೃಶ್ಯ ಕರಗಿ ಮತ್ತೊಂದು ಮೂಡುವ ಜಾಗದ ಫ್ರೇಮ್‌ಗಳಲ್ಲಿ ಎರಡು ಚಿತ್ರಗಳು ಬೆರೆತಿರುವುದರಿಂದ ಅವನ್ನು ಕೈಬಿಡಬೇಕು. ವಾಟ್ಸಾಪ್ ಮೂಲಕ ಬಂದ ಪ್ರತಿಯಿಂದಲೂ ಫ್ರೇಮ್ ತೆಗೆಯಬಾರದು. ಅದು ಬಹುಮಟ್ಟಿಗೆ ಹಿಂಡಲ್ಪಟ್ಟ ಪ್ರತಿ. ಸಂಕಲನಕಾರರಿಂದ ಮೂಲ ಕಡತವನ್ನೇ ಪಡೆಯುವುದು ಸೂಕ್ತ.

ಕತ್ತರಿಸುವ ಮಿತಿ

ಥಂಬ್‌ನೇಲ್‌ಗೆ 1280×720 ಪಿಕ್ಸೆಲ್ ಸಾಕು. ಮೂಲವು 1920 ಅಗಲ ಇರುವುದರಿಂದ ಒಂದೂವರೆ ಪಟ್ಟಿನಷ್ಟು ಅವಕಾಶ ಕೈಯಲ್ಲಿದೆ. ನಮ್ಮ ಉದಾಹರಣೆಯಲ್ಲಿ ಲೇತ್‌ನ ಬದಿಯ ಖಾಲಿ ಗೋಡೆಯನ್ನು ಬಿಟ್ಟು 1440×810 ಭಾಗವನ್ನು ಉಳಿಸಿಕೊಂಡು, ಆಮೇಲೆ 1280×720ಕ್ಕೆ ಇಳಿಸಬಹುದು. ಕತ್ತರಿಸಿ ಉಳಿಸಿದ ಭಾಗದ ಅಗಲ 1280ಕ್ಕಿಂತ ಕಡಿಮೆಯಾದರೆ ಚಿತ್ರವನ್ನು ಹಿಗ್ಗಿಸಬೇಕಾಗುತ್ತದೆ; ಆಗ ಸ್ಫುಟತೆ ಕುಗ್ಗುತ್ತದೆ. ಯೂಟ್ಯೂಬ್ ಕೆಳಗಿನ ಬಲಮೂಲೆಯಲ್ಲಿ ವಿಡಿಯೋದ ಅವಧಿಯನ್ನು ತೋರಿಸುವುದರಿಂದ, ಆಟಿಕೆಯಾಗಲಿ ಅಕ್ಷರವಾಗಲಿ ಅಲ್ಲಿ ಬೀಳದಂತೆ ನೋಡಿಕೊಳ್ಳಬೇಕು.

ಬೆಳಕು ಮತ್ತು ಬಣ್ಣ

ಕಾರ್ಯಾಗಾರದ ದೃಶ್ಯಗಳು ಪ್ರಾಯಶಃ ಕಪ್ಪಾಗಿರುತ್ತವೆ. ಗಿಂಪ್ ತಂತ್ರಾಂಶದ `Colors` ಪಟ್ಟಿಯಲ್ಲಿರುವ `Levels` ತೆರೆದು, ನಡುವಿನ ಬೆಲೆಯನ್ನು 1.00ರಿಂದ 1.20ರವರೆಗೆ ಏರಿಸಿದರೆ ಕೈಯೂ ಮರವೂ ತಿಳಿಯಾಗುತ್ತವೆ. ಇನ್ನೂ ಏರಿಸುತ್ತ ಹೋದರೆ ನೆರಳಿನ ಭಾಗದಲ್ಲಿ ಸಣ್ಣ ಚೌಕಗಳು ಕಾಣತೊಡಗುತ್ತವೆ. ವಿಡಿಯೋವನ್ನು ಹಿಂಡಿದಾಗ ಉಳಿದ ಗುರುತುಗಳಿವು. ಅವು ಕಂಡಲ್ಲಿಗೆ ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಸರಿಯಬೇಕು.

ಬಲ್ಬಿನ ಬೆಳಕಿನಿಂದ ಚಿತ್ರವೆಲ್ಲ ಹಳದಿಯಾಗಿದ್ದರೆ, ನಿಜವಾಗಿ ಬೆಳ್ಳಗಿರುವ ವಸ್ತುವನ್ನು ಆಧಾರವಾಗಿ ಹಿಡಿದು ಬಣ್ಣ ಸರಿಪಡಿಸಬೇಕು. ದೃಶ್ಯದಲ್ಲಿರುವ ಬಿಳಿ ಕಾಗದ ಅಥವಾ ಬಿಳಿ ಬಟ್ಟೆ ಇದಕ್ಕೆ ಆಗುತ್ತದೆ. ಅರಗು ಹಚ್ಚದ ಮರವು ಬಿಳಿಯೆಂದು ತೋರಿದರೂ ಸಹಜವಾಗಿ ಕೆನೆಬಣ್ಣದ್ದು. ಅದನ್ನು ಬಿಳಿಯೆಂದು ಹಿಡಿದರೆ ಇಡೀ ಚಿತ್ರ ನೀಲಿಗೆ ತಿರುಗುತ್ತದೆ.

ಹೆಚ್ಚಿನ ಎಚ್ಚರಿಕೆ ಬೇಕಾದುದು ಕೆಂಪು ಬಣ್ಣದಲ್ಲಿ. ಸಾಮಾನ್ಯ ವಿಡಿಯೋಗಳು ಬೆಳಕಿನ ವಿವರಕ್ಕಿಂತ ಬಣ್ಣದ ವಿವರವನ್ನು ಕಡಿಮೆ ಸಾಂದ್ರತೆಯಲ್ಲಿ ಶೇಖರಿಸುತ್ತವೆ. ಆದ್ದರಿಂದ ಕಡುಗೆಂಪಿನ ಅಂಚುಗಳು ಮೊದಲೇ ಸ್ವಲ್ಪ ಒರಟಾಗಿರುತ್ತವೆ. ಆಕರ್ಷಣೆಗಾಗಿ ಬಣ್ಣವನ್ನು ಗಾಢಗೊಳಿಸಿದರೆ ಈ ಒರಟುತನ ಎದ್ದು ಕಾಣುತ್ತದೆ. ಆಟಿಕೆಯ ಮೇಲೆ ಕಡೆದ ಉಂಗುರಗೆರೆಗಳೂ ಒಂದೇ ಕೆಂಪಿನಲ್ಲಿ ಮುಳುಗುತ್ತವೆ. ವ್ಯಾಪಾರದ ದೃಷ್ಟಿಯಿಂದ ಇನ್ನೊಂದು ತೊಂದರೆಯೂ ಇದೆ. ಚಿತ್ರದ ಬಣ್ಣ ನೋಡಿ ಬೇಡಿಕೆ ಸಲ್ಲಿಸಿದ ಅಂಗಡಿಯವರು, ಬಂದ ಸರಕು ಬೇರೆ ಛಾಯೆಯದೆಂದು ಹಿಂದಿರುಗಿಸಬಹುದು. ಆದ್ದರಿಂದ ನಿಜವಾದ ಆಟಿಕೆಯನ್ನು ಹಗಲು ಬೆಳಕಿನಲ್ಲಿ ಪರದೆಯ ಪಕ್ಕ ಹಿಡಿದು ಹೋಲಿಸಿ, ಬಣ್ಣ ಹೊಂದುವಲ್ಲಿಗೆ ನಿಲ್ಲಿಸಬೇಕು.

ಚಿತ್ರವನ್ನು ಅಂತಿಮ ಅಳತೆಗೆ ಇಳಿಸಿದ ನಂತರವೇ ಸ್ಫುಟಗೊಳಿಸಬೇಕು; ಅದೂ ಲಘುವಾಗಿ. ಕೈಯ ಸುತ್ತ ಬಿಳಿ ಅಂಚು ಮೂಡಿದರೆ ಪ್ರಮಾಣ ಹೆಚ್ಚಾಗಿದೆ ಎಂದು ತಿಳಿಯಬೇಕು.

ಅಕ್ಷರ ಮತ್ತು ಅಂತಿಮ ಪರೀಕ್ಷೆ

ಚಿತ್ರದ ಮೇಲೆ ಬರಹ ಬೇಕಿದ್ದರೆ ಎರಡು ಪದ ಸಾಕು. ಕನ್ನಡದ ಒತ್ತಕ್ಷರಗಳು ಮೂಲಾಕ್ಷರಕ್ಕಿಂತ ಚಿಕ್ಕವು; ಚಿತ್ರ ಕುಗ್ಗಿದಾಗ ಮೊದಲು ಅಳಿಸಿಹೋಗುವುವು ಅವೇ. ‘ಚನ್ನಪಟ್ಟಣದ ಬೊಂಬೆ’ ಎನ್ನುವುದಕ್ಕಿಂತ, ಒತ್ತಿಲ್ಲದ ‘ಅರಗಿನ ಆಟಿಕೆ’ ದೂರಕ್ಕೂ ಓದಿಸಿಕೊಳ್ಳುತ್ತದೆ.

ಕೊನೆಗೆ ಚಿತ್ರದ ಪ್ರತಿಯೊಂದನ್ನು 160 ಪಿಕ್ಸೆಲ್ ಅಗಲಕ್ಕೆ ಇಳಿಸಿ, ವಿಡಿಯೋ ನೋಡದವರೊಬ್ಬರಿಗೆ ತೋರಿಸಿ ‘ಇದರಲ್ಲಿ ಏನು ನಡೆಯುತ್ತಿದೆ?’ ಎಂದು ಕೇಳಬೇಕು. ‘ಯಾರೋ ಆಟಿಕೆಗೆ ಬಣ್ಣ ಹಾಕುತ್ತಿದ್ದಾರೆ’ ಎಂಬ ಉತ್ತರ ಬಂದರೆ ಕೆಲಸ ಮುಗಿಯಿತು. ಉತ್ತರ ತಡವರಿಸಿದರೆ ಬಣ್ಣ ತಿದ್ದುವುದರಲ್ಲಿ ಫಲವಿಲ್ಲ. ಬೇರೆ ಫ್ರೇಮ್ ಆರಿಸಬೇಕು.

ಇಡೀ ವಿಡಿಯೋದಲ್ಲಿ ಅಂತಹ ಫ್ರೇಮ್ ಒಂದೂ ದೊರೆಯದಿರುವುದೂ ಉಂಟು. ಮುಂದಿನ ಚಿತ್ರೀಕರಣದಲ್ಲಿ ಪ್ರತಿ ಮುಖ್ಯ ಕೆಲಸದ ಕೊನೆಗೆ, ಕೈಯನ್ನು ಇದ್ದಲ್ಲಿಯೇ ಎರಡು ಸೆಕೆಂಡು ನಿಲ್ಲಿಸುವಂತೆ ಕುಶಲಕರ್ಮಿಗೆ ತಿಳಿಸಿದರೆ ಈ ಕೊರತೆ ನೀಗುತ್ತದೆ. ಅದರಿಂದ 50 ನಿಶ್ಚಲ ಫ್ರೇಮ್‌ಗಳು ಹೆಚ್ಚಿನ ಖರ್ಚಿಲ್ಲದೆ ಕೈಸೇರುತ್ತವೆ.